ಕಾಕಂಬಿಯ ಪಾಲಿಗೆ ಬಂದ ವೆಚ್ಚ

ಜಂಟಿ ವೆಚ್ಚ ಹಂಚುವ ವಿಧಾನಗಳಲ್ಲಿ ನಿವ್ವಳ ವಸೂಲಿ ಮೌಲ್ಯದ ವಿಧಾನಕ್ಕೆ ಇರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ತೂಕದ ಮೇಲೆ ಹಂಚುವುದು ಒರಟು, ಇದು ನ್ಯಾಯವಾದದ್ದು ಎಂದು ಬಿ.ಕಾಂ. ತರಗತಿಯಲ್ಲೇ ಹೇಳಿಕೊಡುತ್ತಾರೆ. ಅಂತಿಮ ಮಾರಾಟ ಬೆಲೆಯಿಂದ, ಬೇರ್ಪಟ್ಟ ಮೇಲೆ ಆದ ಖರ್ಚನ್ನು ಕಳೆಯಿರಿ. ಉಳಿದ ಮೊತ್ತದ ಪ್ರಮಾಣದಲ್ಲಿ ಜಂಟಿ ವೆಚ್ಚ ಹಂಚಿರಿ. ಯಾರು ಹೆಚ್ಚು ತರುತ್ತಾರೋ ಅವರು ಹೆಚ್ಚು ಹೊರಲಿ ಎಂಬ ತತ್ವ ಕೇಳಲು ಚೆನ್ನಾಗಿದೆ. ಆದರೆ ಮಾರ್ಚ್ 31ರ ದಾಸ್ತಾನಿಗೆ ಬೆಲೆ ಕಟ್ಟಲು ಹುಟ್ಟಿದ ಈ ಲೆಕ್ಕ ನಮ್ಮ ಕಾರ್ಖಾನೆಗಳಲ್ಲಿ ತೀರ್ಮಾನದ ಕುರ್ಚಿಯಲ್ಲಿ ಕೂತಿದೆ. ಅಲ್ಲಿ ಕೂರುವ ಯೋಗ್ಯತೆ ಅದಕ್ಕೆ ಇಲ್ಲ.

ಸಕ್ಕರೆ ಕಾರ್ಖಾನೆಯನ್ನೇ ತೆಗೆದುಕೊಳ್ಳೋಣ. ಬೆಳಗಾವಿ, ಬಾಗಲಕೋಟೆ, ಮಂಡ್ಯದವರಿಗೆ ಇದನ್ನು ವಿವರಿಸಬೇಕಿಲ್ಲ. ಲೆಕ್ಕಕ್ಕೆಂದು ನೂರು ಟನ್ ಕಬ್ಬು ಇಟ್ಟುಕೊಳ್ಳಿ. ಕಬ್ಬಿನ ಬೆಲೆ, ಅರೆಯುವುದು, ರಸ ಕುದಿಸುವುದು ಎಲ್ಲ ಸೇರಿ ಜಂಟಿ ವೆಚ್ಚ 4,09,000 ರೂಪಾಯಿ. ಬಾಯ್ಲರಿಗೆ ಹಾಕಿ ಮಿಕ್ಕ ಬಗಾಸ್ ಮಾರಿ 10,000 ಬಂತು. ಅದು ಉಪ ಉತ್ಪನ್ನ, ಅದರ ಹಣವನ್ನು ಜಂಟಿ ವೆಚ್ಚದಲ್ಲೇ ಕಳೆಯುತ್ತಾರೆ; ಉಳಿದದ್ದು 3,99,000. ಸಕ್ಕರೆ ಹತ್ತು ಟನ್, ಕಿಲೋಗೆ 38 ರೂಪಾಯಿ; ಚೀಲ ತುಂಬುವ ಖರ್ಚು 5,000 ಕಳೆದರೆ 3,75,000. ಸೆಂಟ್ರಿಫ್ಯೂಗಲ್‌ನಿಂದ ಕೊನೆಗೆ ಇಳಿದ ಸಿ-ಹೆವಿ ಕಾಕಂಬಿ ನಾಲ್ಕೂವರೆ ಟನ್. ಡಿಸ್ಟಿಲರಿಗೆ ಕಳಿಸಿದರೆ ಸುಮಾರು ಸಾವಿರ ಲೀಟರ್ ಎಥನಾಲ್. 2024-25ಕ್ಕೆ ಕೇಂದ್ರ ನಿಗದಿ ಮಾಡಿದ ದರ ಲೀಟರಿಗೆ 57.97; ಅದು 58 ಎಂದೇ ಇರಲಿ. ಬಟ್ಟಿ ಇಳಿಸುವ ಖರ್ಚು ಲೀಟರಿಗೆ 13 ಕಳೆದರೆ ಕಾಕಂಬಿಯ ನಿವ್ವಳ ವಸೂಲಿ ಮೌಲ್ಯ 45,000.

ಎರಡೂ ಸೇರಿ 4,20,000. ಜಂಟಿ ವೆಚ್ಚ ಅದರ ಶೇ. 95. ಹಾಗಾಗಿ ಸಕ್ಕರೆಗೆ 3,56,250, ಕಾಕಂಬಿಗೆ 42,750 ವೆಚ್ಚ ಬೀಳುತ್ತದೆ. ಡಿಸ್ಟಿಲರಿಯ ವರದಿಯಲ್ಲಿ 58,000 ಆದಾಯ, 55,750 ವೆಚ್ಚ, 2,250 ಲಾಭ. ಪಠ್ಯಪುಸ್ತಕ ಇಲ್ಲಿಗೆ ಗೆರೆ ಎಳೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತದೆ.

ಆದರೆ ಆ 2,250ನ್ನು ಒಮ್ಮೆ ನಿಂತು ನೋಡಬೇಕು. ಕಾಕಂಬಿಯನ್ನು ಹಾಗೆಯೇ ಟ್ಯಾಂಕರಿಗೆ ತುಂಬಿಸಿ ಮಾರಬಹುದಿತ್ತು. ಟನ್ನಿಗೆ 9,000 ಸಿಗುತ್ತಿದ್ದರೆ 40,500 ಬರುತ್ತಿತ್ತು. ಬಟ್ಟಿ ಇಳಿಸಿದ್ದರಿಂದ ಬಂದದ್ದು 45,000. ಅಂದರೆ ಡಿಸ್ಟಿಲರಿ ನಿಜಕ್ಕೂ ಗಳಿಸಿಕೊಟ್ಟದ್ದು 4,500. ಇನ್ನು ಕಾಕಂಬಿಯ ದರ 10,500ಕ್ಕೆ ಏರಿತು ಎನ್ನಿ. ಹಾಗೆಯೇ ಮಾರಿದ್ದರೆ 47,250 ಸಿಗುತ್ತಿತ್ತು, ಬಟ್ಟಿ ಇಳಿಸಿ 2,250 ಕಳೆದುಕೊಂಡೆವು. ಡಿಸ್ಟಿಲರಿಯ ವರದಿ ಮಾತ್ರ ಕದಲುವುದಿಲ್ಲ. ಮೊದಲೂ 2,250 ಲಾಭ, ಈಗಲೂ 2,250 ಲಾಭ. ಬೇರ್ಪಡುವ ಹಂತದಲ್ಲಿ ಕಾಕಂಬಿಗೆ ಮಾರುಕಟ್ಟೆ ಏನು ಕೊಡುತ್ತದೆ ಎಂಬ ಒಂದೇ ಒಂದು ಅಂಕಿಯ ಮೇಲೆ ತೀರ್ಮಾನ ನಿಂತಿದೆ, ಆ ಅಂಕಿ ಈ ಲೆಕ್ಕದೊಳಗೆ ಎಲ್ಲೂ ಬರುವುದೇ ಇಲ್ಲ.

ತಪ್ಪು ಇನ್ನೊಂದು ದಿಕ್ಕಿಗೂ ಹೊರಳುತ್ತದೆ. ಕಬ್ಬಿನ ಬೆಲೆ ಟನ್ನಿಗೆ 420 ಏರಲಿ, ಕಾಕಂಬಿಯ ದರ ಮತ್ತೆ 9,000ಕ್ಕೇ ಇಳಿಯಲಿ. ಜಂಟಿ ವೆಚ್ಚ 4,41,000 ಆಗಿ, ಕಾಕಂಬಿಯ ಪಾಲು 47,250 ಆಗುತ್ತದೆ. ಡಿಸ್ಟಿಲರಿ ಈಗ 2,250 ನಷ್ಟದಲ್ಲಿದೆ ಎಂದು ವರದಿ ಹೇಳುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ಯಾರಾದರೊಬ್ಬರು ಅದನ್ನು ನಿಲ್ಲಿಸೋಣ ಎನ್ನುತ್ತಾರೆ. ನಿಲ್ಲಿಸಿದರೆ ನೂರು ಟನ್ ಕಬ್ಬಿಗೆ 4,500 ಕೈಬಿಡುತ್ತದೆ, ಯಾಕೆಂದರೆ ಕಬ್ಬಿನ ಹಣ ಆಗಲೇ ಖರ್ಚಾಗಿದೆ. ಕಾಕಂಬಿಯನ್ನು ಏನು ಮಾಡಿದರೂ ಅದರಲ್ಲಿ ಒಂದು ಪೈಸೆ ವಾಪಸು ಬರುವುದಿಲ್ಲ. ಮುಂದೆ ಸಂಸ್ಕರಿಸಬೇಕೇ ಬೇಡವೇ ಎಂಬುದಕ್ಕೆ ಬೇಕಾದದ್ದು ಹೆಚ್ಚುವರಿ ಆದಾಯ ಮತ್ತು ಹೆಚ್ಚುವರಿ ಖರ್ಚು, ಅಷ್ಟೇ.

ಇದು ಎಲ್ಲರಿಗೂ ಗೊತ್ತು, ಪುಸ್ತಕದಲ್ಲೇ ಇದೆ ಎಂದು ಈ ವಿಧಾನದ ಪರವಾಗಿರುವವರು ಹೇಳುತ್ತಾರೆ. ಇದೆ ನಿಜ, ಹಂಚಿಕೆಯ ಅಧ್ಯಾಯ ಮುಗಿದ ಮೇಲೆ ಒಂದು ಟಿಪ್ಪಣಿಯಾಗಿ ಇದೆ. ಪರೀಕ್ಷೆಯಲ್ಲಿ ಅಂಕ ಬರುವುದು ಹಂಚಿಕೆಯ ಪಟ್ಟಿಗೆ. ಇವರಿಗಿಂತ ನನಗೆ ಹೆಚ್ಚು ತೊಂದರೆ ಕೊಡುವವರು ಸುಧಾರಕರು. ಎಲ್ಲ ಉತ್ಪನ್ನಗಳ ಮೇಲೂ ಒಂದೇ ಶೇಕಡಾ ಲಾಭ ಬರುವಂತೆ ಹಂಚಿದರೆ ದೋಷ ಹೋಗುತ್ತದೆ ಎನ್ನುತ್ತಾರೆ ಅವರು. ನಿವ್ವಳ ವಸೂಲಿ ಮೌಲ್ಯದ ವಿಧಾನದಲ್ಲಿ ಲಾಭವೆಲ್ಲ ಜಂಟಿ ಹಂತದ್ದು, ಡಿಸ್ಟಿಲರಿಯ ಖರ್ಚಿನ ಮೇಲೆ ಒಂದು ರೂಪಾಯಿಯೂ ಗಳಿಕೆ ಇಲ್ಲ ಎಂಬ ಊಹೆ ಅಡಗಿದೆ ಎಂದು ಅವರು ತೋರಿಸಿಕೊಟ್ಟದ್ದು ಸರಿ. ಆದರೆ ಅವರ ಮದ್ದು ಆ ಊಹೆಯ ಜಾಗಕ್ಕೆ ಇನ್ನೊಂದು ಊಹೆಯನ್ನು ತರುತ್ತದೆ. ಒಂದೇ ಶೇಕಡಾ ಲಾಭ ಎಂದು ಮೊದಲೇ ನಿರ್ಧರಿಸಿದ ಮೇಲೆ ಯಾವ ಉತ್ಪನ್ನ ಲಾಭದ್ದು ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ. ಪ್ಯಾನ್‌ನಲ್ಲಿ ರಸ ಕುದಿಯುವಾಗ ಯಾವ ಖರ್ಚು ಸಕ್ಕರೆಯದು, ಯಾವುದು ಕಾಕಂಬಿಯದು ಎಂಬ ಗಡಿಯೇ ಇಲ್ಲ. ಇನ್ನೂ ನಯವಾದ ಸೂತ್ರದಿಂದ ಆ ಗಡಿ ಹುಟ್ಟುವುದಿಲ್ಲ.

ದಾಸ್ತಾನಿನ ಮಾತಿಗೆ ಬಂದರೆ, ಇಂಡ್ ಎಎಸ್ 2 ಕೇಳುವುದು ತರ್ಕಬದ್ಧವಾಗಿ, ವರ್ಷದಿಂದ ವರ್ಷಕ್ಕೆ ಒಂದೇ ರೀತಿಯಲ್ಲಿ ಹಂಚಿ ಎಂದಷ್ಟೇ. ಮಾರಾಟ ಮೌಲ್ಯವನ್ನು ಅದು ಒಂದು ಉದಾಹರಣೆಯಾಗಿ ಕೊಡುತ್ತದೆ. ಅಷ್ಟಕ್ಕೆ ಈ ವಿಧಾನ ಸಾಕು.

ಕಷ್ಟ ಶುರುವಾಗುವುದು ಆ ಅಂಕಿ ಗೋದಾಮು ದಾಟಿ ಹೊರಗೆ ಬಂದಾಗ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂಪಾಯಿ ಮಾಡಲಾಯಿತು. ಅದನ್ನು ಏರಿಸಿ ಎಂದು ಕಾರ್ಖಾನೆಯವರು ಕೇಳುವಾಗ ಮುಂದಿಡುವುದು ಕಿಲೋ ಸಕ್ಕರೆಯ ಉತ್ಪಾದನಾ ವೆಚ್ಚವನ್ನು. ನಮ್ಮ ಲೆಕ್ಕದಲ್ಲಿ ಅದು ಚೀಲದ ಖರ್ಚು ಸೇರಿ ಸುಮಾರು 36 ರೂಪಾಯಿ 12 ಪೈಸೆ. ಈಗ ಸರ್ಕಾರ ಎಥನಾಲ್ ದರವನ್ನು ಲೀಟರಿಗೆ ಐದು ರೂಪಾಯಿ ಏರಿಸಿದರೆ ಕಾಕಂಬಿ ಹೆಚ್ಚು ಹೊರುತ್ತದೆ, ಸಕ್ಕರೆಯ ‘ವೆಚ್ಚ’ ಕಿಲೋಗೆ ಸುಮಾರು 42 ಪೈಸೆ ಇಳಿಯುತ್ತದೆ. ಪ್ಯಾನ್ ಹೌಸಿನಲ್ಲಿ ಒಂದು ಕವಾಟವನ್ನೂ ಯಾರೂ ತಿರುಗಿಸಿಲ್ಲ. ಬೆಲೆಯಿಂದ ಹುಟ್ಟಿದ ವೆಚ್ಚವನ್ನೇ ಬೆಲೆಗೆ ಆಧಾರ ಮಾಡಿಕೊಂಡರೆ ಅದು ಸುತ್ತು ವಾದ, ಪುರಾವೆ ಅಲ್ಲ.

ಬಿ-ಹೆವಿ ಮಾರ್ಗದಲ್ಲಿ ಈ ಲೆಕ್ಕ ಪೂರ್ತಿ ಕೈಕೊಡುತ್ತದೆ. ಅಲ್ಲಿ ಕಾಕಂಬಿಯನ್ನು ಒಂದು ಹಂತ ಮೊದಲೇ ತೆಗೆಯುತ್ತಾರೆ. ಸಕ್ಕರೆ ಇಳುವರಿ ಶೇ. ಒಂದೂವರೆಯಷ್ಟು ಅಂಶ ಕುಗ್ಗುತ್ತದೆ, ಎಥನಾಲ್ ಹೆಚ್ಚುತ್ತದೆ. ಬೇರ್ಪಡುವ ಹಂತವೇ ಜರುಗಿದ ಮೇಲೆ ಹಿಂದಿನ ಹಂಚಿಕೆಯನ್ನು ಇಟ್ಟುಕೊಂಡು ಏನು ಮಾಡುವುದು? ನೂರು ಟನ್ ಕಬ್ಬಿಗೆ ಒಂದೂವರೆ ಟನ್ ಸಕ್ಕರೆ ಬಿಟ್ಟುಕೊಟ್ಟರೆ 38ರ ದರದಲ್ಲಿ 57,000 ಹೋಯಿತು. ಹೆಚ್ಚಿಗೆ ಬಂದ ಎಥನಾಲ್, ಅದರ ಖರ್ಚು ಕಳೆದು, ಕೊನೆಯ ಕುದಿತದಲ್ಲಿ ಉಳಿದ ಹಬೆಯೂ ಸೇರಿ, ಅಷ್ಟನ್ನು ತುಂಬಿಕೊಡುತ್ತದೆಯೇ ಎಂದು ನೋಡಬೇಕು. ಸಕ್ಕರೆ 31ರ ಆಸುಪಾಸಿನಲ್ಲಿದ್ದಾಗ ಬರುವ ಉತ್ತರವೇ 38ರಲ್ಲಿಯೂ ಬರುತ್ತದೆ ಎಂದುಕೊಳ್ಳುವಂತಿಲ್ಲ.

ರೈತರ ಪಾಲಿನ ಪ್ರಶ್ನೆಯೂ ಇಲ್ಲೇ ಸಿಕ್ಕಿಕೊಂಡಿದೆ. 2012ರ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಮೌಲ್ಯದ ಶೇ. 70, ಇಲ್ಲವೇ ಸಕ್ಕರೆಯೊಂದರದೇ ಆದರೆ ಶೇ. 75 ಕಬ್ಬಿಗೆ ಸಲ್ಲಬೇಕು ಎಂದಿತು. ಅದು ವೆಚ್ಚ ಹಂಚಲು ಹೋಗಲಿಲ್ಲ, ಆದಾಯ ಹಂಚಿತು. ನಮ್ಮ ಕಾಸ್ಟ್ ಅಕೌಂಟೆಂಟರು ಅದರಿಂದ ಕಲಿಯಬೇಕಾದದ್ದಿದೆ. ಆ ಶೇ. 70ರ ಲೆಕ್ಕಕ್ಕೆ ಕಾಕಂಬಿಯನ್ನು 40,500ಕ್ಕೆ ಹಿಡಿಯಬೇಕೋ 45,000ಕ್ಕೋ ಎಂಬುದು ಮಾತ್ರ ಸೂತ್ರದಿಂದ ಬಗೆಹರಿಯುವುದಲ್ಲ. ನಡುವಿನ 4,500 ಡಿಸ್ಟಿಲರಿಯಲ್ಲಿ ಹುಟ್ಟಿದ್ದು. ಅದರಲ್ಲಿ ಬೆಳೆಗಾರನಿಗೆ ಪಾಲು ಉಂಟೇ ಎಂಬುದನ್ನು ಕಾರ್ಖಾನೆಯವರೂ ರೈತ ಸಂಘದವರೂ ಎದುರುಬದುರು ಕೂತು ಮಾತಾಡಿಯೇ ತೀರ್ಮಾನಿಸಬೇಕು, ಆ ಅಂಕಿಯನ್ನು ಎಲ್ಲರ ಮುಂದೆ ಇಟ್ಟುಕೊಂಡು.