ನೃತ್ಯಶಾಲೆಯ ಹೆಸರು: ಯಾವ ಪರಂಪರೆಗೆ ಗೌರವ?

ಕರ್ನಾಟಕದ ನಗರಗಳಲ್ಲಿ ಭರತನಾಟ್ಯ ಕಲಿಸುವ ಶಾಲೆಗಳ ಹೆಸರುಗಳು ಬಹುಮಟ್ಟಿಗೆ ಎರಡು ಪದಗಳ ಸಂಸ್ಕೃತ ಸಮಾಸಗಳು. ಪೂರ್ವಪದ ನೃತ್ಯ, ನಾಟ್ಯ, ನೂಪುರಗಳಲ್ಲೊಂದು. ಉತ್ತರಪದ ಆಲಯ, ಕ್ಷೇತ್ರ, ಮಂದಿರಗಳಲ್ಲೊಂದು. ಇಂಥ ಹೆಸರು ಪರಂಪರೆಯನ್ನು ಗೌರವಿಸುತ್ತದೆ, ಪೋಷಕರಲ್ಲಿ ವಿಶ್ವಾಸ ಹುಟ್ಟಿಸುತ್ತದೆ ಎಂಬುದು ರೂಢಿಯ ನಂಬಿಕೆ. ಇದರ ಎರಡನೆಯ ಭಾಗವನ್ನು ನಾವು ಒಪ್ಪುತ್ತೇವೆ, ಮೊದಲನೆಯದನ್ನು ಪ್ರಶ್ನಿಸುತ್ತೇವೆ.

'ಕುಣಿತ' ಎಂಬ ಕನ್ನಡ ಪದ ಈ ಫಲಕಗಳಲ್ಲಿ ಏಕೆ ಕಾಣುವುದಿಲ್ಲ? 'ಕುಣಿತಾಲಯ' ಅರಿಸಮಾಸವಾಗುತ್ತದೆ ಎಂಬ ಉತ್ತರ ಸಾಲದು. ಅರಿಸಮಾಸವನ್ನು ನಿಷೇಧಿಸುವ ಕೇಶಿರಾಜನೇ ಬಿರುದಾವಳಿಗಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಸಂಸ್ಥೆಯ ಹೆಸರು ಬಿರುದಿಗೆ ದೂರದ್ದೇನಲ್ಲ. ಮೇಲಾಗಿ 'ಕುಣಿತದ ಮನೆ' ಎಂದರೆ ಸಮಾಸದ ತೊಡಕೇ ಇಲ್ಲ. ಆದ್ದರಿಂದ ತಡೆ ಇರುವುದು ವ್ಯಾಕರಣದಲ್ಲಲ್ಲ, ಪದಗಳ ಸಾಮಾಜಿಕ ಹಂಚಿಕೆಯಲ್ಲಿ. ಡೊಳ್ಳು, ಪಟ, ಪೂಜೆಗಳೊಡನೆ 'ಕುಣಿತ' ಸೇರುತ್ತದೆ, ಭರತನಾಟ್ಯದೊಡನೆ ಸೇರುವುದಿಲ್ಲ. ಅರ್ಥ ಸಮೀಪದ್ದಾದರೂ ಅಂತಸ್ತು ಬೇರೆ.

ಈ ಹಂಚಿಕೆಗೆ ಇತಿಹಾಸವಿದೆ. ದೇವದಾಸಿಯರೂ ನಟ್ಟುವನಾರರೂ ಉಳಿಸಿಕೊಂಡು ಬಂದಿದ್ದ 'ಸದಿರ್' 1930ರ ದಶಕದ ಮದರಾಸಿನಲ್ಲಿ 'ಭರತನಾಟ್ಯ'ವೆಂಬ ಹೆಸರಿನಲ್ಲಿ ನೆಲೆಗೊಂಡಿತು. 1936ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಸ್ಥಾಪಿಸಿದ ಸಂಸ್ಥೆ ಮುಂದೆ 'ಕಲಾಕ್ಷೇತ್ರ'ವೆನಿಸಿ ಈ ಬಗೆಯ ನಾಮಕರಣಕ್ಕೆ ಪ್ರಬಲ ಮಾದರಿಯಾಯಿತು. 'ಕ್ಷೇತ್ರ', 'ಮಂದಿರ'ಗಳು ಕಲೆಯನ್ನು ಪವಿತ್ರ ಸ್ಥಳದೊಡನೆ ಜೋಡಿಸುತ್ತವೆ. ಆ ಸ್ಥಳದಲ್ಲಿ ಕುಣಿದವರ ಗುರುತು ಮಾತ್ರ ಹೆಸರಿನಲ್ಲಿ ಉಳಿಯುವುದಿಲ್ಲ. ಮಗಳನ್ನು ಕಲಿಯಲು ಕಳುಹಿಸುವ ಮಧ್ಯಮವರ್ಗದ ಪೋಷಕರಿಗೆ ಹಿತವಾಗುವುದು ಈ ಅಳಿಸುವಿಕೆಯೂ ಹೌದೆಂದು ನಮ್ಮ ವಾದ.

ಕಲಾವಿದರ ಪರಂಪರೆ ತನ್ನನ್ನು ತಾನು ಹೆಸರಿಸಿಕೊಂಡ ಕ್ರಮ ಬೇರೆ. ಭರತನಾಟ್ಯದ ಬಾಣಿಗಳಾದ ಪಂದನಲ್ಲೂರು, ವಳುವೂರುಗಳು ಊರ ಹೆಸರುಗಳು. ಯಕ್ಷಗಾನದಲ್ಲಿಯೂ ಮಂದಾರ್ತಿ ಮೇಳ, ಇಡಗುಂಜಿ ಮೇಳ ಎಂದೇ ರೂಢಿ. ಇಲ್ಲಿ ಹೆಸರು ಕಲೆಯನ್ನು ಹೊಗಳುವುದಿಲ್ಲ. ಅದು ಎಲ್ಲಿಂದ ಬಂತೆಂದು ಹೇಳುತ್ತದೆ.

'ನೃತ್ಯಾಲಯ'ವನ್ನೂ 'ಪಂದನಲ್ಲೂರು ಬಾಣಿಯ ನೃತ್ಯಶಾಲೆ'ಯನ್ನೂ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದು ಯಾವ ಗುರುವಿನ ಶಾಲೆಗೂ ಹೊಂದುತ್ತದೆ; ಅದನ್ನು ಸುಳ್ಳೆಂದು ತೋರಿಸಲಾಗದು. ಎರಡನೆಯದು ಒಂದು ಹೇಳಿಕೆ: ಗುರು ಆ ಬಾಣಿಯಲ್ಲಿ ಕಲಿತಿರಬೇಕು, ಅಡವುಗಳು ಅದಕ್ಕೆ ಸಾಕ್ಷಿ ನುಡಿಯಬೇಕು. ಅದಕ್ಕೆ ಮಿತಿಯೂ ಇದೆ: ಬಾಣಿಯ ಪರಿಚಯವಿಲ್ಲದ ಪೋಷಕರಿಗೆ ಅದು ಯಾವುದೋ ದೂರದ ಊರಿನ ಹೆಸರಷ್ಟೆ, ಹಲವು ಬಾಣಿಗಳನ್ನು ಬೆರೆಸಿ ಕಲಿತ ಗುರುವಿಗೆ ಅದು ಒಗ್ಗದು. ಆದರೂ ಗೌರವವೆಂಬ ಮಾತಿಗೆ ಅರ್ಥ ಬರುವುದು ಹೆಸರು ಪರೀಕ್ಷೆಗೆ ಒಳಪಡುವಂತಿದ್ದಾಗಲೇ.