ಉತ್ತರವಿಲ್ಲದ ಕಾಲಂ: ರಿಗ್ರೆಷನ್ ರಸಿಕರಿಗೊಂದು ಕೈಪಿಡಿ

ಸಮೀಕ್ಷೆಯ ವರದಿಯಲ್ಲಿ ರಿಗ್ರೆಷನ್ ಕೋಷ್ಟಕ ಸಿಕ್ಕರೆ ಮೊದಲು ಅದರ ತಳಭಾಗ ನೋಡಿ. ಭೇಟಿ ಕೊಟ್ಟ ಮನೆಗಳೆಷ್ಟು, ಲೆಕ್ಕಕ್ಕೆ ಬಂದ ಮನೆಗಳೆಷ್ಟು? ಇವೆರಡರ ನಡುವಿನ ಅಂತರದಲ್ಲೇ ವರದಿಯ ಗಟ್ಟಿತನ ಗೊತ್ತಾಗುತ್ತದೆ.

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳಿನ ಕೆಲಸಕ್ಕೆ, ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿ ಮನೆಯ ತಿಂಗಳ ಆದಾಯಕ್ಕೂ ಮಕ್ಕಳ ಓದಿನ ಖರ್ಚಿಗೂ ಇರುವ ನಂಟನ್ನು ಅಳೆಯುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಆದಾಯ 20,000 ಇರುವ ಮನೆಗಳು ಸರಾಸರಿ 3,000, ಆದಾಯ 40,000 ಇರುವ ಮನೆಗಳು 5,000 ಖರ್ಚು ಮಾಡುತ್ತವೆ. ಅಂದರೆ ಆದಾಯ ನೂರು ರೂಪಾಯಿ ಹೆಚ್ಚಿದರೆ ಓದಿಗೆ ಹತ್ತು ರೂಪಾಯಿ. ನಾವು ಹುಡುಕುತ್ತಿರುವ ನಿಜ ಇದೇ. ಈಗ ಕೆಲವರು ಆದಾಯ ಹೇಳಲಿಲ್ಲ.

ಹೆಚ್ಚು ಆದಾಯ ಇರುವವರು, ಹೆಚ್ಚಿದೆ ಎಂಬ ಕಾರಣಕ್ಕೇ ಬಾಯಿ ಬಿಡಲಿಲ್ಲ ಎನ್ನೋಣ. ಆ ಮನೆಗಳನ್ನು ಕೈಬಿಟ್ಟರೆ ಊರಿನ ಸರಾಸರಿ ಆದಾಯ ತಪ್ಪುತ್ತದೆ, ಆದರೆ ನೂರಕ್ಕೆ ಹತ್ತು ತಪ್ಪುವುದಿಲ್ಲ. ಉಳಿದ 40,000ದ ಮನೆಗಳು ಕಡಿಮೆಯಾದರೂ ಅವುಗಳ ಸರಾಸರಿ ಖರ್ಚು 5,000ವೇ. ಕೈಬಿಡುವುದು ಸೋಮಾರಿತನ ಎಂದು ಬೈಯುವವರು ಇದನ್ನು ಗಮನಿಸುವುದೇ ಇಲ್ಲ. ಇಲ್ಲಿ ಮಾಮೂಲಿ ಇಂಪ್ಯುಟೇಶನ್ ಮಾಡಿದರೇ ಲೆಕ್ಕ ಕೆಡುತ್ತದೆ. ಆದಾಯ ಹೇಳಿದವರನ್ನು ನೋಡಿ ಹೇಳದವರ ಆದಾಯವನ್ನು ಕಡಿಮೆ ಊಹಿಸುತ್ತದೆ.

ಇನ್ನೊಂದು ಸಾಧ್ಯತೆ. ಶಾಲೆಯ ಖರ್ಚು ದೊಡ್ಡದೆಂದು ಆಗಲೇ ಹೇಳಿಬಿಟ್ಟವರು, ಆಮೇಲೆ ಆದಾಯ ಕೇಳಿದಾಗ ಹಿಂಜರಿದರು. ಈಗ ಕೈಬಿಟ್ಟರೆ 40,000ದ ಸಾಲಿನಲ್ಲಿ ಕಡಿಮೆ ಖರ್ಚಿನವರೇ ಹೆಚ್ಚಾಗಿ ಉಳಿಯುತ್ತಾರೆ. ಅವರ ಸರಾಸರಿ 4,000ಕ್ಕೆ ಇಳಿಯಿತೆಂದರೆ ನೂರಕ್ಕೆ ಹತ್ತು ಇದ್ದದ್ದು ಐದಾಗುತ್ತದೆ. ಕೋಷ್ಟಕ ಮಾತ್ರ ಏನೂ ಆಗದಂತೆ ಅಚ್ಚುಕಟ್ಟಾಗಿ ಕಾಣುತ್ತದೆ.

ಮಲ್ಟಿಪಲ್ ಇಂಪ್ಯುಟೇಶನ್‌ಗೆ ಬೆಲೆ ಬರುವುದು ಇಲ್ಲಿ. 1987ರ ಪುಸ್ತಕದಲ್ಲಿ ಡೊನಾಲ್ಡ್ ರೂಬಿನ್ ವಿವರಿಸಿದ ವಿಧಾನ ಇದು. ಖರ್ಚು, ಕಸುಬು, ಮನೆಯ ಸ್ಥಿತಿಗಳನ್ನು ನೋಡಿ ಆದಾಯ ಊಹಿಸಬೇಕು. ಊಹೆಗೆ ಸಹಜ ಏರುಪೇರನ್ನೂ ಸೇರಿಸಬೇಕು. ಹೀಗೆ 20 ಪ್ರತಿ ಮಾಡಿ, ಪ್ರತಿಯೊಂದರಲ್ಲೂ ರಿಗ್ರೆಷನ್ ನಡೆಸಿ, ಫಲಿತಾಂಶಗಳ ಸರಾಸರಿ ತೆಗೆಯಬೇಕು. ಪ್ರತಿಗಳು ಒಂದಕ್ಕೊಂದು ಎಷ್ಟು ಬೇರೆಯಾದವು ಎಂಬುದು ಅಂತಿಮ ಅನಿಶ್ಚಿತತೆಗೆ ಸೇರುತ್ತದೆ. ಊಹಿಸುವಾಗ ಖರ್ಚನ್ನೇ ಬಿಟ್ಟರೆ ನಂಟು ಮತ್ತೆ ಸಡಿಲವಾಗುತ್ತದೆ. ಊಹೆಯಲ್ಲಿ ಖರ್ಚು ಸೇರಿತ್ತೇ ಎಂಬುದನ್ನು ವರದಿಯಲ್ಲಿ ತಪ್ಪದೆ ಹುಡುಕಿ.

ಕಷ್ಟವೇನೆಂದರೆ, ಎರಡೂ ಸಂದರ್ಭಗಳಲ್ಲಿ ಆದಾಯ ಹೇಳದವರ ಖರ್ಚು ಹೆಚ್ಚೇ ಇರುತ್ತದೆ. ಅಂಕಿಗಳನ್ನಷ್ಟೇ ನೋಡಿ ಯಾವುದು ನಡೆಯಿತೆಂದು ಹೇಳಲಾಗದು. ಮನೆಮನೆಗೆ ಹೋದವರನ್ನು ಕೇಳಬೇಕು: ಯಾವ ಪ್ರಶ್ನೆ ಮೊದಲಿತ್ತು, ಜನ ಎಲ್ಲಿ ಮಾತು ನಿಲ್ಲಿಸಿದರು? ನೀವೇ ಸಮೀಕ್ಷೆ ಮಾಡುವುದಾದರೆ ಅರ್ಧ ಫಾರಂಗಳಲ್ಲಿ ಆದಾಯದ ಪ್ರಶ್ನೆಯನ್ನು ಮೊದಲು ಇಡಿ. ಅಲ್ಲಿ ಉತ್ತರ ಹೆಚ್ಚು ಸಿಕ್ಕರೆ, ಖರ್ಚು ಹೇಳಿದ್ದರಿಂದಲೇ ಜನ ಹಿಂಜರಿದರೆಂಬ ಅನುಮಾನಕ್ಕೆ ಬಲ ಬರುತ್ತದೆ.