ಹೀರೆಕಾಯಿ ನಾರು: ತಾರೀಖಲ್ಲ, ತೇವ ನೋಡಿ

‘ನೈಲಾನ್ ಉಂಡೆ ಬೇಡ, ಹೀರೆಕಾಯಿ ನಾರಿನಲ್ಲಿ ಮೈ ಉಜ್ಜಿ, ಗಿಡದಿಂದ ಬಂದದ್ದು, ಅಪಾಯವಿಲ್ಲ’ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಪ್ಲಾಸ್ಟಿಕ್ ಕಸ ಕಡಿಮೆಯಾಗುತ್ತದೆ ಎನ್ನುವುದೇನೋ ನಿಜ. ಆದರೆ ರೋಗಾಣುಗಳ ಮಟ್ಟಿಗೆ ಈ ನಂಬಿಕೆಗೆ ಆಧಾರವಿಲ್ಲ.

ಒಬ್ಬರ ಮೈಮೇಲೆ ಕೂದಲ ಬುಡದಲ್ಲಿ ಕೀವುಗುಳ್ಳೆಗಳು ಎದ್ದವು. ಕಾರಣ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯ; ಅದರ ಮೂಲ ಹುಡುಕಿದಾಗ ಸಿಕ್ಕಿದ್ದು ಅವರು ಬಳಸುತ್ತಿದ್ದ ಹೀರೆಕಾಯಿ ನಾರು. ಇದರ ಬೆನ್ನುಹತ್ತಿ ಅಮೆರಿಕದ ಸೂಕ್ಷ್ಮಾಣುತಜ್ಞ ಎಡ್ವರ್ಡ್ ಬೊಟೋನೆ ಮತ್ತು ಸಂಗಡಿಗರು 1994ರಲ್ಲಿ ನಾರನ್ನೇ ಪರೀಕ್ಷಿಸಿದರು. ಬಳಸದ ಒಣ ನಾರಿನಲ್ಲಿ ಅಷ್ಟಾಗಿ ಹಾನಿ ಮಾಡದ ಬ್ಯಾಕ್ಟೀರಿಯಗಳು ಅಲ್ಲೊಂದು ಇಲ್ಲೊಂದು ಇದ್ದವು. ತೇವ ತಗುಲಿದಾಗ ಸ್ಯೂಡೊಮೊನಾಸ್‌ನಂಥವು ಮೇಲುಗೈ ಪಡೆದವು. ಶುದ್ಧೀಕರಿಸಿದ ನಾರಿನ ತುಂಡನ್ನು ಬರೀ ಭಟ್ಟಿ ಇಳಿಸಿದ ನೀರಿನಲ್ಲಿಟ್ಟರೂ ಬ್ಯಾಕ್ಟೀರಿಯಗಳು ಅದರ ಆಸರೆಯಲ್ಲಿ ಬೆಳೆದವು. ಅಂದರೆ ಉದುರಿದ ಚರ್ಮದ ಕಣಗಳಷ್ಟೇ ಅಲ್ಲ, ನಾರೂ ಅವಕ್ಕೆ ಆಹಾರ.

ಹಾಗಂತ ನೈಲಾನ್ ಉಂಡೆ ಗೆದ್ದಂತಲ್ಲ. ಅದರ ಮಡಿಕೆಗಳಲ್ಲೂ ಚರ್ಮದ ಕಣ, ಸೋಪಿನ ನೊರೆ, ನೀರು ಉಳಿಯುತ್ತವೆ. ಸೋಪು ಹಚ್ಚುವ ವಸ್ತು ತಾನಾಗಿಯೇ ಶುಚಿಯಾಗಿರುತ್ತದೆ ಎನ್ನುವುದೂ ತಪ್ಪೇ.

ನಾರನ್ನು 3–4 ವಾರಕ್ಕೆ, ನೈಲಾನನ್ನು ಸುಮಾರು 2 ತಿಂಗಳಿಗೆ ಬದಲಿಸಿ ಎಂಬುದು ರೂಢಿಯ ಸಲಹೆ. ಇದನ್ನು ಗರಿಷ್ಠ ಗಡುವು ಎನ್ನಬಹುದೇ ಹೊರತು, ಅಲ್ಲಿಯವರೆಗೆ ಸುರಕ್ಷಿತ ಎಂಬ ಭರವಸೆ ಎಂದುಕೊಳ್ಳಬಾರದು. ಏಪ್ರಿಲ್‌ನ ಕಲಬುರಗಿಯಲ್ಲಿ ಕಿಟಕಿಗೆ ತೂಗುಹಾಕಿದ ನಾರು ಬೇಗ ಗರಿಗರಿಯಾಗುತ್ತದೆ. ಜುಲೈನ ಆಗುಂಬೆಯಲ್ಲಿ ಬಚ್ಚಲ ನಲ್ಲಿಗೆ ಸಿಕ್ಕಿಸಿದ್ದು ಮರುದಿನವೂ ಒದ್ದೆಯಾಗಿಯೇ ಇರುತ್ತದೆ. ಎರಡಕ್ಕೂ ಒಂದೇ ಗಡುವು ಹೇಗೆ ಹೊಂದೀತು? ಮರುದಿನ ಸ್ನಾನಕ್ಕೆ ಮುಂಚೆ ನಾರಿನ ಒಳಭಾಗವನ್ನು ಒತ್ತಿ ನೋಡಿ. ತಂಪು ತಗುಲಿದರೆ ಅದು ಒಣಗುತ್ತಿಲ್ಲ. ಇಡುವ ಜಾಗ ಬದಲಿಸಿ. ಮುಗ್ಗಲು ವಾಸನೆ, ಲೋಳೆ, ಕಪ್ಪು ಚುಕ್ಕೆ ಕಂಡರೆ ತಾರೀಖು ನೋಡದೆ ಎಸೆಯಿರಿ. ಆದರೆ ಇವು ತಡವಾಗಿ ಕಾಣುವ ಗುರುತುಗಳು. ವಾಸನೆ ಇಲ್ಲವೆಂದರೆ ಬ್ಯಾಕ್ಟೀರಿಯ ಇಲ್ಲವೆಂದಲ್ಲ. ಅದೇ ಅಧ್ಯಯನದಲ್ಲಿ 10% ಬ್ಲೀಚ್ ದ್ರಾವಣ ನಾರನ್ನು ಶುದ್ಧಗೊಳಿಸಿತ್ತು. ವಾರಕ್ಕೊಮ್ಮೆ 1 ಪಾಲು ಬ್ಲೀಚಿಗೆ 9 ಪಾಲು ನೀರು ಬೆರೆಸಿ 5 ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಬಹುದು. ಆ ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಮಾತ್ರ ಬೆರೆಸಬಾರದು, ವಿಷಾನಿಲ ಏಳುತ್ತದೆ.

ಆರೋಗ್ಯವಂತ ಚರ್ಮಕ್ಕೆ ಬಹುಪಾಲು ಏನೂ ಆಗುವುದಿಲ್ಲ, ನಿಜ. ಆದರೆ ಕೂದಲು ಬೋಳಿಸಿದ ಕಾಲು, ಗಾಯ, ಇಸುಬು ಇರುವಲ್ಲಿ ನಾರು ಉಜ್ಜುವುದು ರೋಗಾಣುವಿಗೆ ದಾರಿ ಮಾಡಿಕೊಟ್ಟಂತೆ.

ನನ್ನ ಆಯ್ಕೆ ತೆಳ್ಳನೆಯ ಹತ್ತಿಬಟ್ಟೆಯ ಚೌಕ. ಅದೂ ಒದ್ದೆಯಾಗಿ ಮುದುಡಿ ಬಿದ್ದರೆ ಅಷ್ಟೇ ಕೊಳಕು. ಆದರೆ ಅದನ್ನು ಬಿಡಿಸಿ ಹರಡಬಹುದು, ಕುದಿಸಬಹುದು, ಎರಡು ಮೂರು ಸಲ ಬಳಸಿ ಒಗೆಯುವ ಬಟ್ಟೆಗೆ ಸೇರಿಸಬಹುದು. ನಾಲ್ಕು ಚೌಕಗಳಿದ್ದರೆ ಮಳೆಗಾಲದಲ್ಲೂ ಒಂದಾದರೂ ಒಣಗಿದ್ದು ಕೈಗೆ ಸಿಗುತ್ತದೆ.